ವಿಮಾನ ಹೋಯ್ತು, ಟಿಕೆಟ್ ಹೋಗಿಲ್ಲ

ಅಕ್ಟೋಬರ್ 10ರ ರಾತ್ರಿ ಹನ್ನೊಂದೂವರೆಗೆ ಡಲ್ಲಾಸ್‌ನಿಂದ ಫೋನು. ನಮ್ಮ ಎದುರು ಮನೆಯ ಮೇಷ್ಟ್ರ ಮಗ. ಬಚ್ಚಲಲ್ಲಿ ಜಾರಿಬಿದ್ದು ಅಪ್ಪನ ಸೊಂಟದ ಮೂಳೆ ಮುರಿದಿದೆ, ಆಪರೇಷನ್ ಆಗಿದೆ, 12ನೇ ತಾರೀಖಿನ ವಿಮಾನಕ್ಕೆ ಇಬ್ಬರೂ ಹೊರಡುವ ಹಾಗಿಲ್ಲ ಎಂದ. ಆಮೇಲೆ ದನಿ ಇಳಿಸಿ, "ಅಂಕಲ್, ರಿಟರ್ನ್ ಟಿಕೆಟ್ ದುಡ್ಡು ಹೋದ ಹಾಗೇ ಅಲ್ವಾ? ವೀಲ್‌ಚೇರ್ ಬುಕ್ ಮಾಡಿದ್ದೆ, ಅದನ್ನಾದರೂ ಕ್ಯಾನ್ಸಲ್ ಮಾಡಲಾ?" ಅಂದ.

ಟ್ರಾವೆಲ್ ಏಜೆನ್ಸಿಯ ಕೌಂಟರಿನಲ್ಲಿ ಇಪ್ಪತ್ತು ವರ್ಷ ಕೂತವನು ನಾನು. ಈ ಪ್ರಶ್ನೆ ಬಂದಾಗಲೆಲ್ಲ ಮೊದಲು ಕೇಳುವುದು ಒಂದೇ: ವಿಮಾನ ಹೊರಟಾಯ್ತಾ, ಇನ್ನೂ ಇಲ್ಲವಾ? ಅವನಿಗೆ ಇನ್ನೂ ಎರಡು ದಿನ ಇತ್ತು. ಅಷ್ಟು ಸಾಕು.

ಇಲ್ಲಿ ಜನ ಎಡವುವುದು ಪಿಎನ್‌ಆರ್ ಮತ್ತು ಟಿಕೆಟ್ ಎರಡೂ ಒಂದೇ ಅಂದುಕೊಳ್ಳುವುದರಿಂದ. ಆರು ಅಕ್ಷರ ಅಂಕಿಗಳ ಪಿಎನ್‌ಆರ್ ಇದೆಯಲ್ಲ, ಅದು ಬರೀ ಸೀಟು ಹಿಡಿದಿಟ್ಟ ಗುರುತು. ನೀವು ಕೊಟ್ಟ ದುಡ್ಡು ಕೂತಿರುವುದು ಹದಿಮೂರು ಅಂಕಿಯ ಟಿಕೆಟ್ ನಂಬರಿನಲ್ಲಿ. ಅದರ ಮೊದಲ ಮೂರು ಅಂಕಿ ವಿಮಾನ ಕಂಪನಿಯದು: 098 ಇದ್ದರೆ ಏರ್ ಇಂಡಿಯಾ, 176 ಎಮಿರೇಟ್ಸ್, 220 ಲುಫ್ತಾನ್ಸಾ, 157 ಕತಾರ್. ಆ ನಂಬರಿನ ಕೆಳಗೆ ಒಂದೊಂದು ವಿಮಾನಕ್ಕೂ ಒಂದೊಂದು ಕೂಪನ್. ಹಿಂದೆ ಕೆಂಪು ಇಂಕಿನ ಕಾಗದದ ಪುಸ್ತಕದಿಂದ ಗೇಟಿನಲ್ಲಿ ಹರಿದುಕೊಳ್ಳುತ್ತಿದ್ದರಲ್ಲ, ಅದೇ ಕೂಪನ್ ಈಗ ಕಂಪ್ಯೂಟರಿನಲ್ಲಿದೆ. ಹಾರಿದ ಕೂಪನ್ ಖರ್ಚಾಯಿತು. ಹಾರದ ಕೂಪನ್ನಿನ ಮುಂದೆ OPEN ಎಂದು ಇರುವವರೆಗೆ ಅದರೊಳಗಿನ ದುಡ್ಡು ಜೀವಂತ. ಸೀಟು ಬಿಟ್ಟುಕೊಟ್ಟರೂ, ಪಿಎನ್‌ಆರ್ ಸತ್ತರೂ, ಕೂಪನ್ ತಕ್ಷಣ ಸಾಯುವುದಿಲ್ಲ.

ಹಾಗಾದರೆ ಎಷ್ಟು ದಿನ ಬದುಕಿರುತ್ತದೆ? ಅಂತರರಾಷ್ಟ್ರೀಯ ವಿಮಾನಯಾನದಲ್ಲಿ ಬಹುಮಟ್ಟಿಗೆ ಎಲ್ಲರೂ ಒಪ್ಪಿಕೊಂಡಿರುವ ಲೆಕ್ಕ ಒಂದು ವರ್ಷದ್ದು. ಆದರೆ ಆ ವರ್ಷವನ್ನು ಎಣಿಸುವುದು ಎರಡು ಕಡೆಯಿಂದ. ಪ್ರಯಾಣ ಶುರುವೇ ಮಾಡದಿದ್ದರೆ ಟಿಕೆಟ್ ಕೊಂಡ ದಿನದಿಂದ. ಮೊದಲ ವಿಮಾನ ಹತ್ತಿದ ಮೇಲೆ, ಹತ್ತಿದ ದಿನದಿಂದ. ಮೇಷ್ಟ್ರು ಟಿಕೆಟ್ ತೆಗೆಸಿದ್ದು 2025ರ ಜನವರಿ 10ಕ್ಕೆ, ಬೆಂಗಳೂರು ಬಿಟ್ಟಿದ್ದು ಏಪ್ರಿಲ್ 20ಕ್ಕೆ. ಅವರು ಮನೆಯಲ್ಲೇ ಉಳಿದಿದ್ದರೆ ಆ ಟಿಕೆಟ್ಟಿಗೆ 2026ರ ಜನವರಿ 10 ಕೊನೆಯ ದಿನವಾಗುತ್ತಿತ್ತು. ಹೊರಟಿದ್ದರಿಂದ ಲೆಕ್ಕ ಹೊಸದಾಗಿ ಶುರುವಾಯಿತು, 2026ರ ಏಪ್ರಿಲ್ 20ರವರೆಗೆ ಹೋಯಿತು. ಕೊನೆಯ ದಿನದ ಮಧ್ಯರಾತ್ರಿಯೊಳಗೆ ಕೊನೆಯ ಕೂಪನ್ನಿನ ವಿಮಾನ ಹತ್ತಿದರೆ ಸಾಕು, ಬೆಂಗಳೂರು ಮುಟ್ಟುವುದು ಮರುದಿನವಾದರೂ ತಕರಾರಿಲ್ಲ.

ಈ ಒಂದು ವರ್ಷವೇನೋ ಹೊರಗಿನ ಬೇಲಿ. ನೀವು ಕೊಂಡ ದರ ಅದರೊಳಗೆ ಇನ್ನೊಂದು ಬೇಲಿ ಹಾಕಿರುತ್ತದೆ. ಹಬ್ಬದ ಆಫರಿನಲ್ಲಿ, ಅರ್ಧ ರೇಟಿಗೆ ಸಿಕ್ಕ ಟಿಕೆಟ್ಟಿಗೆ ಒಂದು ತಿಂಗಳಿಗೋ ಮೂರು ತಿಂಗಳಿಗೋ ವಾಪಸ್ಸಾಗಬೇಕೆಂಬ ಕಟ್ಟಳೆ ಇರಬಹುದು. ಇದಕ್ಕೆ ಮ್ಯಾಕ್ಸಿಮಮ್ ಸ್ಟೇ ಅನ್ನುತ್ತಾರೆ. ಮಗಳ ಬಾಣಂತನಕ್ಕೆ ಹೊರಟವರು ಕೊಳ್ಳುವ ಮುಂಚೆ ಕೇಳಬೇಕಾದ ಮೊದಲ ಮಾತು ಇದು. ಕೇಳುವವರು ಕಮ್ಮಿ. ಲಗೇಜು ಎಷ್ಟು ಕೆ.ಜಿ. ಅಂತ ಮಾತ್ರ ಎಲ್ಲರೂ ಕೇಳುತ್ತಾರೆ.

ಕೇಳದಿದ್ದರೂ ನೋಡಿಕೊಳ್ಳಲು ದಾರಿಯಿದೆ. ಇ-ಟಿಕೆಟ್ ರಸೀದಿಯಲ್ಲಿ ಪ್ರತಿ ವಿಮಾನದ ಸಾಲಿನ ಪಕ್ಕ NVB, NVA ಎಂಬ ಎರಡು ಪುಟ್ಟ ಕಲಮುಗಳು ಹೆಚ್ಚಿನ ಟಿಕೆಟ್ಟುಗಳಲ್ಲಿ ಇರುತ್ತವೆ. ಈ ದಿನಕ್ಕಿಂತ ಮುಂಚೆ ಸಲ್ಲದು, ಈ ದಿನದ ನಂತರ ಸಲ್ಲದು ಎಂದು ಅವುಗಳ ಅರ್ಥ. ಮೇಷ್ಟ್ರ ವಾಪಸ್ ಕೂಪನ್ನಿನ ಸಾಲಿನಲ್ಲಿ NVA ಕೆಳಗೆ 20APR ಎಂದಿತ್ತು. ಎರಡೂ ಕಲಮುಗಳಲ್ಲಿ ವಿಮಾನದ ತಾರೀಖೇ ಇದ್ದರೆ ಆ ದರ ಆ ಒಂದು ದಿನಕ್ಕೆ ಮಾತ್ರ ಎಂದು ತಿಳಿಯಬೇಕು. ಆಗಲೂ ಟಿಕೆಟ್ ಸತ್ತಿತೆಂದಲ್ಲ. ತಾರೀಖು ಬದಲಿಸಬಹುದೇ ಎಂಬುದನ್ನು ದರದ ನಿಯಮದಲ್ಲಿ ನೋಡಬೇಕು.

ಮೇಷ್ಟ್ರ ಮಗನಿಗೆ ಮೊದಲು ಮಾಡಿಸಿದ್ದು ಇಬ್ಬರ ಸೀಟನ್ನೂ 12ರ ವಿಮಾನದಿಂದ ಬಿಡಿಸುವ ಕೆಲಸ. ಹೊಸ ತಾರೀಖು ಆಗಲೇ ಹೇಳಬೇಕೆಂದೇನೂ ಇರಲಿಲ್ಲ. ಡಾಕ್ಟರು ಯಾವಾಗ ಬಿಡುತ್ತಾರೋ ಯಾರಿಗೆ ಗೊತ್ತು? ಬುಕಿಂಗ್ ರದ್ದು ಮಾಡಿ, ಕೂಪನ್ OPEN ಉಳಿದಿದೆ ಎಂದು ಕೌಂಟರಿನವರಿಂದ ಬಾಯಿಬಿಟ್ಟು ಹೇಳಿಸಿಕೊಂಡು, ಯಾರು ಯಾವಾಗ ಹೇಳಿದರೆಂದು ಬರೆದಿಟ್ಟುಕೊ ಎಂದೆ. ಟಿಕೆಟ್ ಏಜೆಂಟರ ಮೂಲಕ ತೆಗೆಸಿದ್ದಾದರೆ ಕಂಪನಿಯವರು ಏಜೆಂಟರನ್ನೇ ಕೇಳಿ ಎನ್ನುವುದುಂಟು. ಇಲ್ಲಿ ಆ ಏಜೆಂಟ್ ನಾನೇ ಆಗಿದ್ದೆ, ಆ ತಲೆನೋವಿರಲಿಲ್ಲ.

ಡಿಸೆಂಬರಿನಲ್ಲಿ ಮೇಷ್ಟ್ರು ವಾಕರ್ ಹಿಡಿದು ನಡೆಯತೊಡಗಿದಾಗ ತಾರೀಖಿನ ಮಾತು ಬಂತು. ಡೇಟ್ ಚೇಂಜ್ ಅಂದರೆ ಹಳೆಯ ಟಿಕೆಟ್ ತಿರುಗಿಸಿಕೊಂಡು ಹೊಸ ನಂಬರಿನ ಟಿಕೆಟ್ ಕೊಡುವುದು. ಅದಕ್ಕೆ ಎರಡು ಬಾಬತ್ತು: ಬದಲಾವಣೆಯ ಶುಲ್ಕ, ದರದ ವ್ಯತ್ಯಾಸ. ಶುಲ್ಕ ಅವರ ಟಿಕೆಟ್ಟಿಗೆ ತಲಾ 100 ಡಾಲರ್, ಯಾವ ದಿನಕ್ಕಾದರೂ ಅಷ್ಟೇ. ಆಟ ಇರುವುದು ವ್ಯತ್ಯಾಸದಲ್ಲಿ. ಟಿಕೆಟ್ ಮೇಲೆ ಒಂದು ಇಂಗ್ಲಿಷ್ ಅಕ್ಷರದಲ್ಲಿ ಬುಕಿಂಗ್ ಕ್ಲಾಸ್ ಇರುತ್ತದೆ. ಒಂದೇ ಎಕಾನಮಿ ಸಾಲಿನ ಅಕ್ಕಪಕ್ಕದ ಸೀಟುಗಳು ಬೇರೆ ಬೇರೆ ಅಕ್ಷರದಲ್ಲಿ, ಬೇರೆ ಬೇರೆ ಬೆಲೆಗೆ ಮಾರಾಟವಾಗಿರುತ್ತವೆ. ನಿಮ್ಮ ಅಕ್ಷರದ ಸೀಟು ಹೊಸ ದಿನ ಖಾಲಿಯಿದ್ದರೆ ವ್ಯತ್ಯಾಸ ಸೊನ್ನೆಯ ಹತ್ತಿರ. ಇಲ್ಲದಿದ್ದರೆ ಮೇಲಿನ ಅಕ್ಷರಕ್ಕೆ ಹತ್ತಬೇಕು. ಡಿಸೆಂಬರ್ ಕೊನೆಯ ವಾರಕ್ಕೆ ಕೇಳಿದಾಗ ತಲಾ 610 ಡಾಲರ್ ವ್ಯತ್ಯಾಸ ಬಂತು. ಕ್ರಿಸ್‌ಮಸ್ ರಜೆ, ಎಲ್ಲರೂ ಊರಿಗೆ ಹೊರಡುವ ಹೊತ್ತು. ಮಾರ್ಚ್ 15ಕ್ಕೆ ನೋಡಿದರೆ ಅದೇ ಅಕ್ಷರ ಸಿಕ್ಕಿತು. ಶುಲ್ಕ ಮಾತ್ರ ಕಟ್ಟಿದರು.

ಹೊಸ ನಂಬರ್ ಬಂದ ಮಾತ್ರಕ್ಕೆ ಹೊಸದಾಗಿ ಒಂದು ವರ್ಷ ಸಿಕ್ಕಿತೆಂದು ಹಿಗ್ಗುವ ಹಾಗಿಲ್ಲ. ಅರ್ಧ ಬಳಸಿದ ಟಿಕೆಟ್ಟನ್ನು ಎಷ್ಟು ಸಲ ಬದಲಿಸಿದರೂ ಲೆಕ್ಕ ಏಪ್ರಿಲ್ 20ರ ಆ ಮೊದಲ ಪ್ರಯಾಣದಿಂದಲೇ.

ಟಿಕೆಟ್ ಉಳಿದರೂ ದೇಶದಲ್ಲಿ ಉಳಿಯುವ ಪರವಾನಗಿ ಬೇರೆ ವಿಷಯ. ಅಮೆರಿಕಕ್ಕೆ ಮಕ್ಕಳನ್ನು ನೋಡಲು ಹೋದವರಿಗೆ ವಿಮಾನ ನಿಲ್ದಾಣದಲ್ಲಿ ಸಾಮಾನ್ಯವಾಗಿ ಆರು ತಿಂಗಳು ಕೊಡುತ್ತಾರೆ, ಅದು ಐ-94 ದಾಖಲೆಯಲ್ಲಿ ಇರುತ್ತದೆ. ಮೇಷ್ಟ್ರ ಆರು ತಿಂಗಳು ಅಕ್ಟೋಬರ್ 19ಕ್ಕೆ ಮುಗಿಯುತ್ತಿತ್ತು. ಆಸ್ಪತ್ರೆಯ ಕಾಗದ ಲಗತ್ತಿಸಿ ಅದಕ್ಕೆ ಮುಂಚೆಯೇ ಐ-539 ಅರ್ಜಿ ಹಾಕಿಸಬೇಕಾಯಿತು. ಟಿಕೆಟ್ಟಿನ ಗಡಿಬಿಡಿಯಲ್ಲಿ ಇದನ್ನು ಮರೆತು ಮುಂದಿನ ವೀಸಾಕ್ಕೆ ಕಲ್ಲು ಹಾಕಿಕೊಂಡವರನ್ನು ನೋಡಿದ್ದೇನೆ.

ಇನ್ನು ಹೇಳದೆ ಕೇಳದೆ ವಿಮಾನ ಬಿಟ್ಟವರ ಕತೆ. ಇದು ನೋ-ಶೋ. ಗೇಟು ಮುಚ್ಚುವವರೆಗೆ ಬರಲಿಲ್ಲವೆಂದು ಕಂಪನಿ ಬರೆದುಕೊಳ್ಳುತ್ತದೆ. ಒಳ್ಳೆಯ ದರದ ಟಿಕೆಟ್ಟಾದರೆ ನೋ-ಶೋ ದಂಡ ಸೇರಿಸಿ ತಾರೀಖು ಬದಲಿಸಿ ಕೊಡುತ್ತಾರೆ. ಅಗ್ಗದ್ದಾದರೆ ಮೂಲ ದರ ಮುಳುಗಿತು. ಹೋಗುವ ವಿಮಾನಕ್ಕೇ ನೋ-ಶೋ ಆದರೆ ಇನ್ನೂ ಕೇಡು: ಕೂಪನ್ನುಗಳನ್ನು ಕ್ರಮವಾಗಿ ಬಳಸಬೇಕೆಂಬ ನಿಯಮವಿರುವುದರಿಂದ ವಾಪಸ್ ಸೀಟುಗಳೂ ಸಾಲಾಗಿ ರದ್ದಾಗುತ್ತವೆ. ಹೋಗಲು ಬೇರೆ ಟಿಕೆಟ್ ಕೊಂಡು, ಬರಲು ಹಳೆಯದನ್ನೇ ನಂಬಿ ವಿಮಾನ ನಿಲ್ದಾಣದಲ್ಲಿ ಕಣ್ಣೀರು ಹಾಕಿದವರಿದ್ದಾರೆ.

ಎಲ್ಲ ಹೋಯಿತೆಂದು ಕೈಚೆಲ್ಲುವ ಮುಂಚೆ ಒಂದು ಮಾತು. ಡಿಜಿಸಿಎ ನಿಯಮದ ಪ್ರಕಾರ ಪ್ರಯಾಣ ಮಾಡದ ಟಿಕೆಟ್ಟಿನ ಸರ್ಕಾರಿ ತೆರಿಗೆ ಮತ್ತು ವಿಮಾನ ನಿಲ್ದಾಣದ ಬಳಕೆದಾರ ಶುಲ್ಕವನ್ನು ಕಂಪನಿ ಹಿಂದಿರುಗಿಸಲೇಬೇಕು. ನೋ-ಶೋ ಆದರೂ, ರಿಯಾಯಿತಿ ದರದ್ದಾದರೂ, ಮೂಲ ದರ ವಾಪಸ್ ಇಲ್ಲ ಎಂದು ಬರೆದಿದ್ದರೂ ಇದು ನಿಮ್ಮ ಹಕ್ಕು. ಹುಬ್ಬಳ್ಳಿಗೋ ಮಂಗಳೂರಿಗೋ ಹೋಗುವ ದೇಶದೊಳಗಿನ ವಿಮಾನ ತಪ್ಪಿಸಿಕೊಂಡವರಿಗೂ ಅನ್ವಯಿಸುತ್ತದೆ. ತಾನಾಗಿ ಬರುತ್ತದೆಂದು ಕಾಯದೆ ಅರ್ಜಿ ಹಾಕಿ ಕೇಳಿ. ದುಡ್ಡಿನ ಬದಲು ಮುಂದಿನ ಪ್ರಯಾಣಕ್ಕೆ ಜಮಾ ಇಡುತ್ತೇವೆ, ಕ್ರೆಡಿಟ್ ಶೆಲ್ ಮಾಡುತ್ತೇವೆ ಎಂದರೆ ಒಪ್ಪುವುದೂ ಬಿಡುವುದೂ ನಿಮ್ಮ ಇಷ್ಟ. ಒಪ್ಪಿದರೆ ಆ ಜಮಾಕ್ಕೂ ಕೊನೆಯ ದಿನವಿರುತ್ತದೆ, ಕೇಳಿಟ್ಟುಕೊಳ್ಳಿ. ಕೊರೊನಾ ಕಾಲದಲ್ಲಿ ಇದೇ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2020ರ ಅಕ್ಟೋಬರ್ 1ರ ಆದೇಶದಲ್ಲಿ ಕ್ರೆಡಿಟ್ ಶೆಲ್ಲಿಗೆ 2021ರ ಮಾರ್ಚ್ 31ರ ಗಡುವು ಬಿತ್ತು.

ವರ್ಷದ ಬೇಲಿ ದಾಟಿಯೂ ಟಿಕೆಟ್ ಉಳಿಯುವ ಸಂದರ್ಭ ಕೆಲವಿವೆ. ಪ್ರಯಾಣ ಶುರುವಾದ ಮೇಲೆ ಕಾಯಿಲೆ ಬಿದ್ದು ಅವಧಿ ಮುಗಿದರೆ, ಪ್ರಯಾಣಕ್ಕೆ ಯೋಗ್ಯರಾದರು ಎಂದು ಡಾಕ್ಟರು ಬರೆದುಕೊಟ್ಟ ದಿನದವರೆಗೆ ವಿಸ್ತರಿಸುವ ಅವಕಾಶ ಅನೇಕ ವಿಮಾನ ಕಂಪನಿಗಳ ಷರತ್ತುಗಳಲ್ಲಿ ಇದೆ. ಜೊತೆಗಿರುವ ಮನೆಯವರ ಟಿಕೆಟ್ಟನ್ನೂ ಹಾಗೇ ವಿಸ್ತರಿಸಬಹುದು. ಪ್ರಯಾಣದ ನಡುವೆ ಹತ್ತಿರದ ಸಂಬಂಧಿ ತೀರಿಕೊಂಡರೆ ಮರಣ ಪ್ರಮಾಣಪತ್ರದ ಮೇಲೆ ಸಾಮಾನ್ಯವಾಗಿ ಸಾವಿನ ದಿನದಿಂದ 45 ದಿನ ಮೀರದಂತೆ ಕೊಡುತ್ತಾರೆ. ಫೋನಿನಲ್ಲಿ ಮಾತಾಡುವ ಹುಡುಗರಿಗೆ ಇದು ಗೊತ್ತಿರುವುದಿಲ್ಲ. ಕಂಪನಿಯ ಕಂಡಿಷನ್ಸ್ ಆಫ್ ಕ್ಯಾರೇಜ್ ತೆರೆದು, ಟಿಕೆಟ್ ಅವಧಿಯ ಕಲಂ ತೋರಿಸಿ, ಕಾಗದ ಲಗತ್ತಿಸಿ ಇ-ಮೇಲ್ ಬರೆದರೆ ಕೆಲಸ ಆಗುವ ಸಂಭವ ಹೆಚ್ಚು.

ಮೇಷ್ಟ್ರಿಗೆ ಅಷ್ಟು ದೂರ ಹೋಗುವ ಪ್ರಮೇಯ ಬರಲಿಲ್ಲ. ಮಾರ್ಚ್ 15ಕ್ಕೆ ಅವರು ಡಲ್ಲಾಸಿನಲ್ಲಿ ವಿಮಾನ ಹತ್ತಿದಾಗ ಆ ಟಿಕೆಟ್ಟಿಗೆ ಇನ್ನೂ 36 ದಿನ ಆಯಸ್ಸಿತ್ತು.