ಹದಿಮೂರರ ಆಸೆ, ಹನ್ನೊಂದರ ವಿವೇಕ

ಮೂತ್ರಪಿಂಡ ಕೆಟ್ಟವರ ಮುಖ ಬಿಳಿಚಿಕೊಳ್ಳುತ್ತದೆ ಎಂಬುದನ್ನು ವೈದ್ಯರು 19ನೇ ಶತಮಾನದಲ್ಲೇ ಗಮನಿಸಿದ್ದರು. ಕಾರಣ ಮಾತ್ರ ತಿಳಿದಿರಲಿಲ್ಲ. ರಕ್ತ ತಯಾರಾಗುವುದು ಎಲುಬಿನ ಒಳಗಿನ ಮಜ್ಜೆಯಲ್ಲಿ. ಮೂತ್ರ ಸೋಸುವ ಅಂಗಕ್ಕೂ ಅದಕ್ಕೂ ಎಲ್ಲಿಯ ನಂಟು? ಮಜ್ಜೆಗೆ ಅಪ್ಪಣೆ ಕೊಡುವ ಯಾವುದೋ ವಸ್ತು ರಕ್ತದಲ್ಲಿ ಹರಿಯುತ್ತಿರಬೇಕು ಎಂದು 1906ರಲ್ಲಿ ಪ್ಯಾರಿಸ್ಸಿನ ಕಾರ್ನೊ ಮತ್ತು ದ್‌ಫ್ಲಾಂದ್ರ್ ಊಹಿಸಿದರು. ಆ ವಸ್ತುವಿನ ಮೂಲ ಮೂತ್ರಪಿಂಡವೇ ಎಂದು ಷಿಕಾಗೋದ ಜೇಕಬ್ಸನ್, ಗೋಲ್ಡ್‌ವಾಸರ್ ಮತ್ತು ಸಂಗಡಿಗರು ತೋರಿಸಿದ್ದು 1957ರಲ್ಲಿ. ಇಲಿಗಳ ಮೂತ್ರಪಿಂಡ ತೆಗೆದುಹಾಕಿದಾಗ, ರಕ್ತ ಕಳೆದುಕೊಂಡರೂ ಅವುಗಳಲ್ಲಿ ಆ ವಸ್ತು ಏರಲಿಲ್ಲ. ಅದೇ ಎರಿಥ್ರೊಪೊಯೆಟಿನ್. ಆಮ್ಲಜನಕ ಕಡಿಮೆಯಾದದ್ದನ್ನು ಮೂತ್ರಪಿಂಡದ ಕೆಲವು ಕೋಶಗಳು ಗ್ರಹಿಸಿ ಇದನ್ನು ರಕ್ತಕ್ಕೆ ಬಿಡುತ್ತವೆ, ಮಜ್ಜೆ ಹೆಚ್ಚು ಕೆಂಪು ಕಣಗಳನ್ನು ಹುಟ್ಟಿಸುತ್ತದೆ.

ಶುದ್ಧ ರೂಪದಲ್ಲಿ ಅದನ್ನು ಕೈಗೆ ಪಡೆಯಲು ಮತ್ತೆ ಇಪ್ಪತ್ತು ವರ್ಷ ಹಿಡಿಯಿತು. ತೀವ್ರ ರಕ್ತಹೀನತೆಯ ರೋಗಿಗಳ ಮೂತ್ರದಲ್ಲಿ ಈ ಹಾರ್ಮೋನು ಹೆಚ್ಚಿರುತ್ತದೆ. ಅಂಥವರಿಂದ ಜಪಾನಿನ ಮಿಯಾಕೆ 2,550 ಲೀಟರ್ ಮೂತ್ರ ಸಂಗ್ರಹಿಸಿ, ಒಣಗಿಸಿ, ಷಿಕಾಗೋಕ್ಕೆ ಒಯ್ದರು. 1977ರಲ್ಲಿ ಅಷ್ಟೂ ಮೂತ್ರದಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಆದರೆ ಜೀನ್ ಪತ್ತೆಗೆ ಅಷ್ಟು ಸಾಕಾಯಿತು. ಆಮ್ಜೆನ್ ಕಂಪನಿಯ ಫು-ಕುಎನ್ ಲಿನ್ ಅದನ್ನು ಹುಡುಕಿದ ಮೇಲೆ, ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಿಂದ ಹಾರ್ಮೋನನ್ನು ಬೇಕಾದಷ್ಟು ತಯಾರಿಸಬಹುದಾಯಿತು. 1980ರ ದಶಕದ ಉತ್ತರಾರ್ಧದಲ್ಲಿ ಸಿಯಾಟಲ್ ಮತ್ತು ಲಂಡನ್ನಿನ ಡಯಾಲಿಸಿಸ್ ರೋಗಿಗಳಿಗೆ ಅದನ್ನು ಚುಚ್ಚಿದಾಗ ವರ್ಷಗಟ್ಟಲೆ ಬೇರೆಯವರ ರಕ್ತದ ಮೇಲೆ ಬದುಕಿದ್ದವರಿಗೆ ರಕ್ತದ ಬಾಟಲಿಯೇ ಬೇಡವಾಯಿತು. ಪದೇ ಪದೇ ರಕ್ತ ಪಡೆದವರಿಗೆ ಕಾಮಾಲೆ ಸೋಂಕು ತಗಲುತ್ತಿತ್ತು, ಯಕೃತ್ತಿನಲ್ಲಿ ಕಬ್ಬಿಣ ಜಮೆಯಾಗುತ್ತಿತ್ತು. ಬೇರೆಯವರ ಕಣಗಳ ವಿರುದ್ಧ ಪ್ರತಿಕಾಯ ಬೆಳೆದು ಮುಂದೆ ಮೂತ್ರಪಿಂಡ ಕಸಿಗೇ ತೊಡಕಾಗುತ್ತಿತ್ತು. ಅಮೆರಿಕದಲ್ಲಿ 1989ರಲ್ಲಿ ಔಷಧಕ್ಕೆ ಅನುಮತಿ ಸಿಕ್ಕಿತು.

ಇಲ್ಲಿಂದ ಮುಂದಿನ ತರ್ಕ ತೀರಾ ಸಹಜವೆನಿಸುತ್ತದೆ. ಕೊರತೆ ಹಾರ್ಮೋನಿನದು, ಹಾರ್ಮೋನು ಈಗ ಸೀಸೆಯಲ್ಲಿದೆ. ಹಾಗಿದ್ದ ಮೇಲೆ ಹಿಮೋಗ್ಲೋಬಿನ್ ಆರೋಗ್ಯವಂತರಷ್ಟೇ ಏಕಿರಬಾರದು? ಈ ತರ್ಕ ಸೋತ ಕಥೆಯೇ ಇಂದು ಈ ಇಂಜೆಕ್ಷನ್ನನ್ನು ಅಳೆದು ತೂಗಿ ಕೊಡುವುದಕ್ಕೆ ಕಾರಣ. ಹೃದ್ರೋಗವೂ ಇದ್ದ ಸುಮಾರು 1,200 ಡಯಾಲಿಸಿಸ್ ರೋಗಿಗಳನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದು ಗುಂಪಿನ ರಕ್ತವನ್ನು ಸಹಜ ಮಟ್ಟಕ್ಕೆ ಏರಿಸಲು ನೋಡಿದರು. ಸಾವು ಮತ್ತು ಹೃದಯಾಘಾತ ಆ ಗುಂಪಿನಲ್ಲೇ ಹೆಚ್ಚು ಕಂಡಿದ್ದರಿಂದ ಅಧ್ಯಯನವನ್ನು ನಡುವೆಯೇ ನಿಲ್ಲಿಸಿ, ಫಲಿತಾಂಶವನ್ನು 1998ರಲ್ಲಿ ಪ್ರಕಟಿಸಿದರು. ಎಚ್ಚರಿಕೆಗೆ ಅದೇ ಸಾಕಾಗಬೇಕಿತ್ತು. ಆದರೆ ಆಗಿನ ಅಮೆರಿಕದಲ್ಲಿ ಡಯಾಲಿಸಿಸ್ ಕೇಂದ್ರಗಳಿಗೆ ಸರ್ಕಾರಿ ವಿಮೆ ಈ ಔಷಧಕ್ಕೆ ಕೊಟ್ಟಷ್ಟೂ ಹಣ ತೆರುತ್ತಿತ್ತು, ಕೈ ಬಿಗಿ ಹಿಡಿಯಲು ಅವುಗಳಿಗೆ ಹಣದ ಪ್ರೇರಣೆ ಇರಲಿಲ್ಲ. 2006ರಲ್ಲಿ ಇನ್ನೊಂದು ಅಧ್ಯಯನ, ಡಯಾಲಿಸಿಸ್‌ಗೆ ಇನ್ನೂ ಬಾರದ ರೋಗಿಗಳಲ್ಲಿ, ಹಿಮೋಗ್ಲೋಬಿನ್ನಿಗೆ 13.5ರ ಗುರಿಗಿಂತ 11.3ರ ಗುರಿಯೇ ಸುರಕ್ಷಿತ ಎಂದಿತು. 2009ರಲ್ಲಿ ನಾಲ್ಕು ಸಾವಿರ ಮಧುಮೇಹಿ ಮೂತ್ರಪಿಂಡ ರೋಗಿಗಳ ಅಧ್ಯಯನ ಬಂತು. 13ರ ಗುರಿಯಿಟ್ಟು ಔಷಧ ಪಡೆದವರಲ್ಲಿ 101 ಮಂದಿಗೆ ಪಾರ್ಶ್ವವಾಯು ಹೊಡೆಯಿತು. ಹಿಮೋಗ್ಲೋಬಿನ್ 9ಕ್ಕಿಂತ ಕೆಳಗಿಳಿದಾಗ ಮಾತ್ರ ಔಷಧ ಪಡೆದ ಇನ್ನೊಂದು ಗುಂಪಿನಲ್ಲಿ ಅದು 53.

ಹಾಗಾದರೆ ತಪ್ಪು ಹಿಮೋಗ್ಲೋಬಿನ್ನಿನದೋ, ಔಷಧದ್ದೋ? ಇದು ಸುಮ್ಮನೆ ತಳ್ಳಿಹಾಕುವ ಪ್ರಶ್ನೆಯಲ್ಲ. 1998ರ ಅಧ್ಯಯನದಲ್ಲೇ ಒಂದು ವಿಚಿತ್ರವಿತ್ತು: ಆಯಾ ಗುಂಪಿನೊಳಗೆ ನೋಡಿದರೆ ರಕ್ತ ಚೆನ್ನಾಗಿ ಏರಿದವರೇ ಹೆಚ್ಚು ಬದುಕಿದ್ದರು. ಎಷ್ಟು ಚುಚ್ಚಿದರೂ ಏರದವರಲ್ಲಿ ಸಾವು ಹೆಚ್ಚಿತ್ತು. ಅಂಥವರಲ್ಲಿ ಹಲವು ಸಲ ಉರಿಯೂತವೋ ಸೋಂಕೋ ಇರುತ್ತದೆ, ಔಷಧದ ಪ್ರಮಾಣವೂ ಏರುತ್ತ ಹೋಗಿರುತ್ತದೆ. ದೊಡ್ಡ ಪ್ರಮಾಣ ರಕ್ತದೊತ್ತಡ ಏರಿಸುತ್ತದೆ, ರಕ್ತ ಹೆಪ್ಪುಗಟ್ಟುವ ಒಲವನ್ನೂ ಹೆಚ್ಚಿಸುತ್ತದೆ. ಕಾಯಿಲೆಯ ಪಾಲೆಷ್ಟು, ಪ್ರಮಾಣದ ಪಾಲೆಷ್ಟು ಎಂದು ಈ ಅಂಕಿಗಳಿಂದ ಬಿಡಿಸಿ ಹೇಳಲಾಗದು. ನನ್ನ ಮಟ್ಟಿಗೆ ಅದು ಎಚ್ಚರಿಕೆಯನ್ನು ಸಡಿಲಿಸುವ ಕಾರಣವಲ್ಲ. ಗುರಿಗೂ ಒಂದು ಮಿತಿ, ಪ್ರಮಾಣಕ್ಕೂ ಒಂದು ಮಿತಿ ಇಡಬೇಕೆಂಬುದಕ್ಕೆ ಆಧಾರ. 2012ರ ಅಂತರರಾಷ್ಟ್ರೀಯ ಮಾರ್ಗಸೂಚಿ ಮಾಡಿದ್ದೂ ಅದನ್ನೇ: ಸಾಮಾನ್ಯವಾಗಿ 11.5ರ ಆಚೆ ಕೊಂಡೊಯ್ಯಬೇಡಿ, ಬೇಕೆಂದೇ 13 ಮೀರಿಸಬೇಡಿ, ಏರದಿದ್ದರೆ ಆರಂಭದ ಪ್ರಮಾಣದ ಎರಡರಷ್ಟಕ್ಕಿಂತ ಹೆಚ್ಚಿಸುತ್ತ ಹೋಗಬೇಡಿ.

ಪ್ರತಿದಿನದ ಚಿಕಿತ್ಸೆಯಲ್ಲಿ ಇದು ಹೇಗೆ ಕಾಣುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಳ್ಳೋಣ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವ 60 ಕಿಲೋ ತೂಕದ ಮಹಿಳೆ, ಹಿಮೋಗ್ಲೋಬಿನ್ 8.6. ನೇರವಾಗಿ ಎರಿಥ್ರೊಪೊಯೆಟಿನ್ ಶುರುಮಾಡುವ ಮನಸ್ಸಾಗುತ್ತದೆ. ಆದರೆ ಮೊದಲು ನೋಡಬೇಕಾದ್ದು ಕಬ್ಬಿಣ. ಟ್ರಾನ್ಸ್‌ಫೆರಿನ್ ಎಂಬ ಸಾಗಣೆ ಪ್ರೋಟೀನಿನಲ್ಲಿ ಕಬ್ಬಿಣ ತುಂಬಿರುವುದು ಶೇ 16 ಮಾತ್ರ, ದಾಸ್ತಾನು ಸೂಚಿಸುವ ಫೆರಿಟಿನ್ 180 ಎಂದು ವರದಿ ಬಂದರೆ, ಮಜ್ಜೆಗೆ ಕಚ್ಚಾ ಸಾಮಗ್ರಿಯೇ ಸಾಲದು ಎಂದರ್ಥ. ಡಯಾಲಿಸಿಸ್ ಯಂತ್ರದಲ್ಲಿ ಪ್ರತಿ ಸಲ ಒಂದಿಷ್ಟು ರಕ್ತ ಉಳಿದುಹೋಗುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ ಏರುವ ಹೆಪ್ಸಿಡಿನ್ ಎಂಬ ಹಾರ್ಮೋನು ಕರುಳಿನಿಂದ ಕಬ್ಬಿಣ ಹೀರುವುದನ್ನೂ ತಡೆಯುತ್ತದೆ, ಹಾಗಾಗಿ ಬರೀ ಮಾತ್ರೆ ನುಂಗಿದರೆ ಸಾಲದು, ರಕ್ತನಾಳಕ್ಕೇ ಕಬ್ಬಿಣ ಕೊಡುತ್ತಾರೆ. ಸೋಂಕು, ಮಲದಲ್ಲಿ ರಕ್ತ, ಜೀವಸತ್ವದ ಕೊರತೆ ಇವುಗಳನ್ನೂ ತಳ್ಳಿಹಾಕಿರಬೇಕು.

ಕಬ್ಬಿಣ ತುಂಬಿದ ಮೇಲೂ ಮಟ್ಟ 9ರ ಆಸುಪಾಸಿನಲ್ಲೇ ನಿಂತರೆ ಆಗ ಇಂಜೆಕ್ಷನ್. ಪ್ರತಿ ಡಯಾಲಿಸಿಸ್ ದಿನ ಕಿಲೋಗೆ 50 ಯೂನಿಟ್ ಎಂದರೆ ಈಕೆಗೆ 3,000 ಯೂನಿಟ್. ತಿಂಗಳಿಗೆ ಒಂದು ಗ್ರಾಂನಷ್ಟು, ಹೆಚ್ಚೆಂದರೆ ಎರಡು ಗ್ರಾಂ ಏರಿದರೆ ಸರಿ. ಎರಡೇ ವಾರಕ್ಕೆ ಒಂದು ಗ್ರಾಂ ದಾಟಿ ಹಾರಿದರೆ ಪ್ರಮಾಣವನ್ನು ಕಾಲು ಭಾಗದಷ್ಟು ಇಳಿಸುತ್ತಾರೆ. ಬೇಗ ಏರುವಾಗ ಒತ್ತಡವೂ ಏರುತ್ತದೆ. ತಲೆನೋವು, ಮಂಜುಗಣ್ಣು, ಡಯಾಲಿಸಿಸ್‌ಗೆಂದು ಮಾಡಿದ ಫಿಸ್ಟುಲಾ ಕಟ್ಟಿಕೊಳ್ಳುವುದು ಎಲ್ಲವೂ ಗಮನಿಸಬೇಕಾದ ಚಿಹ್ನೆಗಳು. ರಕ್ತದೊತ್ತಡ ಹತೋಟಿಗೆ ಬಾರದವರಿಗೆ ಔಷಧ ಕೊಡುವಂತಿಲ್ಲ. ಹಿಂದೆ ಪಾರ್ಶ್ವವಾಯು ಅಥವಾ ಕ್ಯಾನ್ಸರ್ ಇದ್ದವರಲ್ಲಿ ಬಹಳ ಯೋಚಿಸಿ ಕೊಡುತ್ತಾರೆ.

ಕೊನೆಗೆ ಉಳಿಯುವ ಆಕ್ಷೇಪವೇ ಬಲವಾದದ್ದು: ‘13 ಇದ್ದಾಗ ರೋಗಿಗೆ ನಿಜವಾಗಿಯೂ ಹಗುರವೆನಿಸಿದರೆ?’ 2009ರ ಅಧ್ಯಯನದಲ್ಲಿ ಔಷಧ ಪಡೆದವರಲ್ಲಿ ರಕ್ತ ಕೊಡಿಸುವ ಅಗತ್ಯ ಖಂಡಿತ ತಗ್ಗಿತು, ದಣಿವೂ ತುಸು ಕಡಿಮೆಯಾಯಿತು. ಆದರೆ 8ರಿಂದ 10ಕ್ಕೆ ಏರುವಾಗ ಆಗುವ ಸುಧಾರಣೆಯಂತಲ್ಲ ಅದು. ಆ ಚಿಕ್ಕ ಲಾಭಕ್ಕೆ ಪಾರ್ಶ್ವವಾಯುವಿನ ಅಪಾಯ ಇಮ್ಮಡಿ. ಈಚೆಗೆ ಬಂದ ಮಾತ್ರೆಗಳು ಈ ಲೆಕ್ಕವನ್ನು ತಿರುವುಮುರುವು ಮಾಡಿಯಾವೆಂಬ ಆಸೆಯಿತ್ತು. ಆಮ್ಲಜನಕ ಕಡಿಮೆಯಾಗಿದೆ ಎಂಬ ಭ್ರಮೆಯನ್ನು ದೇಹದಲ್ಲಿ ಹುಟ್ಟಿಸುವ ಇವು ರೋಗಿಯಿಂದಲೇ ಹಾರ್ಮೋನು ಬಿಡಿಸುತ್ತವೆ. ಹಾಳಾದ ಮೂತ್ರಪಿಂಡದಲ್ಲೂ ಆ ಶಕ್ತಿ ಪೂರ್ತಿ ಸತ್ತಿರುವುದಿಲ್ಲ ಎಂದು ಇದರಿಂದ ಗೊತ್ತಾಯಿತು. ಭಾರತದಲ್ಲೂ ಡೆಸಿಡುಸ್ಟಾಟ್ ಎಂಬ ಮಾತ್ರೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಚುಚ್ಚುವ ಕಷ್ಟ ತಪ್ಪಿತು. ಆದರೆ ಇದೇ ಗುಂಪಿನ ಡ್ಯಾಪ್ರೊಡುಸ್ಟಾಟ್ ಮಾತ್ರೆಗೆ 2023ರಲ್ಲಿ ಅನುಮತಿ ಕೊಟ್ಟ ಅಮೆರಿಕದ ನಿಯಂತ್ರಣ ಸಂಸ್ಥೆ, ರಕ್ತ ಹೆಪ್ಪುಗಟ್ಟುವ ಅಪಾಯದ ಬಗ್ಗೆ ಇಂಜೆಕ್ಷನ್ನಿಗಿರುವಂಥದೇ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಅದರ ಮಾಹಿತಿ ಪತ್ರದಲ್ಲೂ ಹಾಕಿಸಿತು.