ಲಂಡನ್ನಿನ ಚಿನ್ನ: ಗಟ್ಟಿ ಯಾವುದು, ಬರೀ ಲೆಕ್ಕ ಯಾವುದು

ಲಂಡನ್ನಿನ ಚಿನಿವಾರ ಪೇಟೆಯಲ್ಲಿ ಬ್ಯಾಂಕುಗಳು ಎರಡು ಬಗೆಯ ಚಿನ್ನದ ಖಾತೆಗಳನ್ನು ನಡೆಸುತ್ತವೆ. ಮೊದಲನೆಯದು ಅಲೊಕೇಟೆಡ್ ಖಾತೆ: ತಿಜೋರಿಯಲ್ಲಿರುವ ಇಂಥಿಂಥ ಗಟ್ಟಿಗಳು ಇಂಥ ಗ್ರಾಹಕನವು ಎಂದು ಗುರುತು ಹಾಕಿ ಇಟ್ಟ ಚಿನ್ನ. ಎರಡನೆಯದು ಅನ್‌ಅಲೊಕೇಟೆಡ್ ಖಾತೆ: ಇಷ್ಟು ಔನ್ಸ್ ಚಿನ್ನವನ್ನು ಬ್ಯಾಂಕು ಗ್ರಾಹಕನಿಗೆ ಕೊಡಬೇಕಾಗಿದೆ ಎಂಬ ಬಾಕಿಯ ಲೆಕ್ಕ. ಖಾತೆಯ ವಿವರಪಟ್ಟಿಯಲ್ಲಿ ಎರಡೂ ಔನ್ಸ್‌ಗಳಲ್ಲೇ ಕಾಣುತ್ತವೆ, ಎರಡರ ಬೆಲೆಯನ್ನೂ ಡಾಲರಿನಲ್ಲೇ ಹೇಳುತ್ತಾರೆ. ಆದರೆ ಜಗತ್ತು ದಿನವೂ ನೋಡುವ ಚಿನ್ನದ ದರ ಗೊತ್ತಾಗುವುದು ಮುಖ್ಯವಾಗಿ ಎರಡನೆಯ ಬಗೆಯ ವಹಿವಾಟಿನಲ್ಲಿ. ಗಟ್ಟಿಗಿಂತ ಗಟ್ಟಿಯ ಮೇಲಿನ ಹಕ್ಕು ಹೆಚ್ಚು ಕೈ ಬದಲಾಯಿಸುವ ಪೇಟೆ ಇದು.

ಅಲೊಕೇಟೆಡ್ ಖಾತೆಯಲ್ಲಿ ಎಣಿಕೆಯಾಗುವುದು ಗಟ್ಟಿ. ಲಂಡನ್ನಿನಲ್ಲಿ ಒಪ್ಪುವ 'ಗುಡ್ ಡೆಲಿವರಿ' ಗಟ್ಟಿ 350ರಿಂದ 430 ಟ್ರಾಯ್ ಔನ್ಸ್ ಅಪರಂಜಿಯ ನಡುವೆ ಇರಬೇಕು. ಒಂದು ಟ್ರಾಯ್ ಔನ್ಸ್ ಎಂದರೆ ಸುಮಾರು 31.1 ಗ್ರಾಂ, ಆದ್ದರಿಂದ ಒಂದು ಗಟ್ಟಿ ಹೆಚ್ಚುಕಡಿಮೆ ಹನ್ನೆರಡೂವರೆ ಕಿಲೋ ತೂಗುತ್ತದೆ. ಸಾವಿರಕ್ಕೆ ಕನಿಷ್ಠ 995 ಭಾಗ ಶುದ್ಧವಿರಬೇಕು. ಕ್ರಮಸಂಖ್ಯೆ, ಸಂಸ್ಕರಣಾಗಾರದ ಮುದ್ರೆ, ಶುದ್ಧತೆ, ತಯಾರಾದ ವರ್ಷ ಅದರ ಮೇಲೇ ಇರುತ್ತವೆ. ಅಲೊಕೇಟೆಡ್ ಗ್ರಾಹಕನಿಗೆ ಈ ವಿವರಗಳ ಪಟ್ಟಿ ಸಿಗುತ್ತದೆ, ಅವನು ಕಾಯುವ ಬಾಡಿಗೆ ಕಟ್ಟುತ್ತಾನೆ. ಬ್ಯಾಂಕು ಇಲ್ಲಿ ಕಾವಲುಗಾರ ಮಾತ್ರ. ಆ ಗಟ್ಟಿಯನ್ನು ಅದು ಮಾರುವಂತಿಲ್ಲ, ಸಾಲ ಕೊಡುವಂತಿಲ್ಲ.

ಅನ್‌ಅಲೊಕೇಟೆಡ್ ಖಾತೆಯಲ್ಲಿ ಗ್ರಾಹಕನ ಹೆಸರಿನ ಗಟ್ಟಿ ಎಲ್ಲೂ ಇರುವುದಿಲ್ಲ. ಬ್ಯಾಂಕಿನ ಬಳಿ ಒಂದಿಷ್ಟು ಚಿನ್ನ ಇದ್ದೇ ಇರುತ್ತದೆ, ಆದರೆ ಅದು ಬ್ಯಾಂಕಿನದು. ಗ್ರಾಹಕರಿಗೆಲ್ಲ ಸೇರಿ ಕೊಡಬೇಕಾದಷ್ಟೂ ಚಿನ್ನ ತಿಜೋರಿಯಲ್ಲಿ ಇರಬೇಕೆಂದೇನೂ ಇಲ್ಲ. ಬಾಕಿ ಭಾಗಕ್ಕೆ ಎದುರಾಗಿ ಬ್ಯಾಂಕು ಇನ್ನೊಂದು ಬ್ಯಾಂಕಿನಿಂದ ಬರಬೇಕಾದ ಔನ್ಸ್‌ಗಳನ್ನೋ, ಆಭರಣ ತಯಾರಕರಿಗೆ ಸಾಲ ಕೊಟ್ಟ ಚಿನ್ನವನ್ನೋ, ವಾಯಿದಾ ಒಪ್ಪಂದಗಳನ್ನೋ ಹಿಡಿದಿರುತ್ತದೆ. ಬ್ಯಾಂಕ್ ಲಾಕರಿನಲ್ಲಿಟ್ಟ ಒಡವೆಗೂ ಉಳಿತಾಯ ಖಾತೆಯಲ್ಲಿರುವ ಹಣಕ್ಕೂ ಇರುವ ವ್ಯತ್ಯಾಸವೇ ಇದು. ಕಾಯುವ ಬಾಡಿಗೆ ಸಾಮಾನ್ಯವಾಗಿ ಇಲ್ಲದಿರುವುದಕ್ಕೂ ಅದೇ ಕಾರಣ: ಇಟ್ಟ ಚಿನ್ನವನ್ನು ಬ್ಯಾಂಕು ಬಳಸಿಕೊಳ್ಳುತ್ತದೆ.

ಒಂದರಿಂದ ಇನ್ನೊಂದಕ್ಕೆ ಹೋಗುವ ಬಗೆಯನ್ನು ಒಂದು ಕಾಲ್ಪನಿಕ ಲೆಕ್ಕದಲ್ಲಿ ನೋಡಬಹುದು. ಒಬ್ಬ ಗ್ರಾಹಕನ ಅನ್‌ಅಲೊಕೇಟೆಡ್ ಖಾತೆಯಲ್ಲಿ 1,000 ಔನ್ಸ್ ಇದೆ, ಅದನ್ನು ಗಟ್ಟಿಯಾಗಿಸಿಕೊಡಿ ಎಂದು ಅವನು ಕೇಳುತ್ತಾನೆ. ಗಟ್ಟಿಗಳನ್ನು ಕತ್ತರಿಸುವಂತಿಲ್ಲವಾದ್ದರಿಂದ ಹೊಂದುವ ಗಟ್ಟಿಗಳನ್ನು ಬ್ಯಾಂಕು ಹುಡುಕುತ್ತದೆ. ಮೊದಲನೆಯದು 401.275 ಔನ್ಸ್ ತೂಗುತ್ತದೆ, ಶುದ್ಧತೆ ಸಾವಿರಕ್ಕೆ 995.8, ಗುಣಿಸಿದರೆ 399.590 ಔನ್ಸ್ ಅಪರಂಜಿ. ಎರಡನೆಯದರಲ್ಲಿ 396.910 ಔನ್ಸ್ ಅಪರಂಜಿ. ಎರಡೂ ಸೇರಿ 796.500. ಅಷ್ಟು ಔನ್ಸ್ ಒಂದು ಖಾತೆಯಿಂದ ಇಳಿದು ಇನ್ನೊಂದಕ್ಕೆ ಎರಡು ಕ್ರಮಸಂಖ್ಯೆಗಳಾಗಿ ಏರುತ್ತದೆ. ಉಳಿದ 203.500 ಔನ್ಸ್ ಒಂದು ಗಟ್ಟಿಗೆ ಸಾಲದ್ದರಿಂದ ಅದು ಬಾಕಿಯ ಲೆಕ್ಕದಲ್ಲೇ ಇರಬೇಕು. ಅತಿ ದೊಡ್ಡ ಚಿನ್ನದ ಇಟಿಎಫ್ ಆದ ಎಸ್‌ಪಿಡಿಆರ್ ಗೋಲ್ಡ್ ಶೇರ್ಸ್ ಕೂಡ ಇದರಿಂದ ಹೊರತಲ್ಲ. ಅದರ ಚಿನ್ನವೂ ಮೊದಲು ಅನ್‌ಅಲೊಕೇಟೆಡ್ ಖಾತೆಗೆ ಬಂದು ಆಮೇಲೆ ಗಟ್ಟಿಗಳಾಗುತ್ತದೆ.

ಬ್ಯಾಂಕು ದಿವಾಳಿಯಾದ ದಿನ ಈ ಎರಡು ಭಾಗಗಳ ಗತಿ ಬೇರೆಬೇರೆಯಾಗುತ್ತದೆ. ಎರಡು ಗಟ್ಟಿಗಳು ಗ್ರಾಹಕನ ಸ್ವತ್ತು. ಬ್ಯಾಂಕಿನ ಸಾಲಗಾರರು ಅವನ್ನು ಮುಟ್ಟುವಂತಿಲ್ಲ, ದಾಖಲೆ ಸರಿಯಿದ್ದರೆ ಅವು ಅವನಿಗೆ ಹಿಂದಿರುಗುತ್ತವೆ. ಮಿಕ್ಕ 203.500 ಔನ್ಸ್‌ಗೆ ಅವನು ಅಡವಿಲ್ಲದೆ ಸಾಲ ಕೊಟ್ಟವರ ಸಾಲಿನಲ್ಲಿ ನಿಲ್ಲಬೇಕು. ಚಿನ್ನದ ಬೆಲೆ ಏರಲಿ ಇಳಿಯಲಿ ಅವನ ಲಾಭನಷ್ಟ ಎರಡರಲ್ಲೂ ಒಂದೇ. ಬ್ಯಾಂಕನ್ನು ನಂಬಬೇಕಾದ ಅಪಾಯ ಮಾತ್ರ ಒಂದರಲ್ಲೇ ಇದೆ.

ಇಷ್ಟಾದರೂ ಪೇಟೆ ಅನ್‌ಅಲೊಕೇಟೆಡ್ ಖಾತೆಯನ್ನೇ ನೆಚ್ಚಿಕೊಂಡಿದೆ. ಅದಕ್ಕೆ ಸರಳವಾದ ಕಾರಣವಿದೆ. ಒಂದೊಂದು ಗಟ್ಟಿಯ ತೂಕವೂ ಬೇರೆ. ಗಟ್ಟಿಯನ್ನೇ ಮಾರುವುದಾದರೆ ಪ್ರತಿ ವ್ಯವಹಾರವೂ ಬಿಡಿ ಲೆಕ್ಕವಾಗುತ್ತದೆ. ಔನ್ಸ್‌ನ ಬಾಕಿ ಮಾತ್ರ ಎಲ್ಲ ಕಡೆ ಒಂದೇ ಥರ. ಲಂಡನ್ನಿನಲ್ಲಿ ಬೆರಳೆಣಿಕೆಯ ಬ್ಯಾಂಕುಗಳು ಸೇರಿ ನಡೆಸುವ ಕ್ಲಿಯರಿಂಗ್ ಸಂಸ್ಥೆಯ ಮೂಲಕ ದಿನದ ಕೊಡುಕೊಳ್ಳುವಿಕೆ ವಜಾ ಆಗಿ, ಕೊನೆಗೆ ಉಳಿಯುವ ವ್ಯತ್ಯಾಸ ಮಾತ್ರ ಒಂದು ಖಾತೆಯಿಂದ ಇನ್ನೊಂದಕ್ಕೆ ಸರಿಯುತ್ತದೆ. ಹೀಗೆ ವಜಾ ಆದ ಮೇಲೂ ಸರಿಯುವುದು ದಿನಕ್ಕೆ ಸರಾಸರಿ ಎರಡು ಕೋಟಿ ಔನ್ಸ್‌ನ ಆಸುಪಾಸು, ಅಂದರೆ ಸುಮಾರು 600 ಟನ್. ಜಗತ್ತಿನ ಗಣಿಗಳು ಇಡೀ ವರ್ಷದಲ್ಲಿ ತೆಗೆಯುವ ಚಿನ್ನ ಇಂಥ ಆರೇಳು ದಿನಗಳ ಲೆಕ್ಕಕ್ಕೆ ಸಮ. ಆ ದಿನಗಳಲ್ಲಿ ತಿಜೋರಿಯಿಂದ ಕದಲುವ ಗಟ್ಟಿಗಳು ಮಾತ್ರ ಅತ್ಯಲ್ಪ.

ಬೆಲೆಯೂ ಇಲ್ಲಿಯೇ ಹುಟ್ಟುತ್ತದೆ. ಲಂಡನ್ನಿನ ದಿನದ ದರ ನಿಗದಿ 1919ರಲ್ಲಿ ಶುರುವಾದದ್ದು. 2015ರ ಮಾರ್ಚ್‌ನಿಂದ ಅದರ ಜಾಗದಲ್ಲಿ ಎಲೆಕ್ಟ್ರಾನಿಕ್ ಹರಾಜು ಬಂದಿದೆ. ಲಂಡನ್ ಸಮಯ ಬೆಳಿಗ್ಗೆ 10:30ಕ್ಕೂ ಮಧ್ಯಾಹ್ನ 3ಕ್ಕೂ ಅದು ನಡೆಯುತ್ತದೆ. ಒಂದು ದರ ಹೇಳಿ ಕೊಳ್ಳುವವರು ಎಷ್ಟು, ಮಾರುವವರು ಎಷ್ಟು ಎಂದು ನೋಡುತ್ತಾರೆ, ಎರಡೂ ಹತ್ತಿರ ಬರುವ ತನಕ ದರ ಬದಲಿಸುತ್ತಾರೆ. ಅಲ್ಲಿ ಹರಾಜಾಗುವ ಸರಕು ಲಂಡನ್ನಿನಲ್ಲಿ ಕೊಡಬೇಕಾದ ಅನ್‌ಅಲೊಕೇಟೆಡ್ ಚಿನ್ನ. ಇನ್ನೊಂದು ಕಡೆ ನ್ಯೂಯಾರ್ಕಿನ ಕೋಮೆಕ್ಸ್‌ನಲ್ಲಿ 100 ಔನ್ಸ್‌ನ ವಾಯಿದಾ ಒಪ್ಪಂದಗಳು ಓಡುತ್ತವೆ, ಅವುಗಳಲ್ಲಿ ಬಹುಪಾಲು ಚಿನ್ನ ಕೈಗೆ ಬರುವ ಮೊದಲೇ ಚುಕ್ತಾ ಆಗುತ್ತವೆ. ಈ ಎರಡು ಪೇಟೆಗಳ ನಡುವೆ ಬೆಲೆಯ ಅಂತರ ಕಂಡೊಡನೆ ಒಂದು ಕಡೆ ಕೊಂಡು ಇನ್ನೊಂದು ಕಡೆ ಮಾರುವವರು ಇರುವುದರಿಂದ ದರಗಳು ಜೊತೆಜೊತೆಗೇ ಸಾಗುತ್ತವೆ.

ಕಾಗದದ ಚಿನ್ನ ಹೆಚ್ಚಾಗಿ ನಿಜವಾದ ಚಿನ್ನದ ಬೆಲೆ ಏರದಂತೆ ತಡೆಯುತ್ತಿದೆ ಎಂಬ ವಾದ ಬಹಳ ಹಳೆಯದು. ಅದರಲ್ಲಿ ಅರ್ಧ ಸತ್ಯವಿದೆ. ಚಿನ್ನ ಬೇಕೆಂದು ಬಂದವನಿಗೆ ಗಟ್ಟಿಯ ಬದಲು ಬಾಕಿ ಕೊಟ್ಟು ಕಳಿಸಬಹುದಾದರೆ, ಅವನ ಬೇಡಿಕೆ ಅಷ್ಟರ ಮಟ್ಟಿಗೆ ಗಟ್ಟಿಯ ಮೇಲೆ ಬೀಳುವುದಿಲ್ಲ ಎಂಬುದು ನಿಜ. ಆದರೆ ಪ್ರತಿ ಬಾಕಿಗೂ ಎರಡು ಕೈಗಳಿವೆ. ಗ್ರಾಹಕನಿಗೆ ಔನ್ಸ್ ಕೊಡಬೇಕಾದ ಬ್ಯಾಂಕು ಬೆಲೆ ಏರಿದರೆ ತಾನೇ ನಷ್ಟ ಹೊರಬೇಕಾಗುತ್ತದೆಂದು ಬೇರೆಲ್ಲೋ ಅಷ್ಟೇ ಔನ್ಸ್ ಕೊಂಡು ಸರಿದೂಗಿಸಿಕೊಳ್ಳುತ್ತದೆ. ಹಕ್ಕುಗಳ ಮೊತ್ತ ತಿಜೋರಿಯ ಚಿನ್ನಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ ಎಂಬ ಲೆಕ್ಕವೊಂದರಿಂದಲೇ ಬೆಲೆ ಕೆಳಗಿದೆ ಎಂದು ಸಾಧಿಸಲಾಗದು. ಕೇಳಬೇಕಾದ ಪ್ರಶ್ನೆ ಬೇರೆ: ಹಕ್ಕನ್ನು ಗಟ್ಟಿಯಾಗಿಸಿಕೊಳ್ಳಲು ಇವತ್ತು ಎಷ್ಟು ದಿನ ಬೇಕು, ಎಷ್ಟು ಖರ್ಚು? ಅದು ಸಲೀಸಾಗಿರುವವರೆಗೆ ಹಕ್ಕಿನ ಬೆಲೆಯೇ ಗಟ್ಟಿಯ ಬೆಲೆ.

2025ರ ಮೊದಲ ತಿಂಗಳುಗಳಲ್ಲಿ ಅದು ಸಲೀಸಾಗಿರಲಿಲ್ಲ. ಅಮೆರಿಕದ ಹೊಸ ಸರ್ಕಾರ ಚಿನ್ನದ ಆಮದಿಗೂ ಸುಂಕ ಹೇರಬಹುದೆಂಬ ಭಯ ಹುಟ್ಟಿತ್ತು. ಲಂಡನ್ನಿನಲ್ಲಿ ಚಿನ್ನ ಇಟ್ಟುಕೊಂಡು ನ್ಯೂಯಾರ್ಕಿನಲ್ಲಿ ವಾಯಿದೆಗೆ ಮಾರಿದ್ದ ಬ್ಯಾಂಕುಗಳಿಗೆ ಇದು ನೇರ ಅಪಾಯ: ಸುಂಕ ಬಿದ್ದರೆ ಲಂಡನ್ನಿನ ಗಟ್ಟಿಯಿಂದ ನ್ಯೂಯಾರ್ಕಿನ ಮಾತನ್ನು ಹಳೆಯ ಖರ್ಚಿನಲ್ಲಿ ಉಳಿಸಿಕೊಳ್ಳಲಾಗದು. ನ್ಯೂಯಾರ್ಕಿನ ದರ ಲಂಡನ್ನಿನ ದರಕ್ಕಿಂತ ಔನ್ಸ್‌ಗೆ ಹತ್ತಾರು ಡಾಲರ್ ಮೇಲೆ ಹೋಯಿತು. ಅಂತರ ಅಷ್ಟಾದ ಮೇಲೆ ವಿಮಾನದಲ್ಲಿ ಚಿನ್ನ ಸಾಗಿಸುವುದೇ ಲಾಭದ ವ್ಯಾಪಾರ. ಆದರೆ ಕೋಮೆಕ್ಸ್‌ನ ಈ ಒಪ್ಪಂದಕ್ಕೆ ಲಂಡನ್ನಿನ 400 ಔನ್ಸ್ ಗಟ್ಟಿ ನಡೆಯುವುದಿಲ್ಲ, 100 ಔನ್ಸ್‌ನದೋ ಒಂದು ಕಿಲೋದ್ದೋ ಬೇಕು. ಹಾಗಾಗಿ ಅನೇಕ ಗಟ್ಟಿಗಳು ಮೊದಲು ಸ್ವಿಟ್ಜರ್ಲೆಂಡಿನ ಸಂಸ್ಕರಣಾಗಾರಗಳಿಗೆ ಹೋಗಿ, ಕರಗಿ, ಚಿಕ್ಕ ಗಟ್ಟಿಗಳಾಗಿ ಅಟ್ಲಾಂಟಿಕ್ ದಾಟಬೇಕಾಯಿತು.

ಲಂಡನ್ನಿನ ತಿಜೋರಿಗಳಲ್ಲಿ ಆಗ ಎಂಟು ಸಾವಿರ ಟನ್ನಿಗೂ ಮಿಕ್ಕಿ ಚಿನ್ನವಿತ್ತು. ಆದರೂ ಕೊರತೆ ಕಾಣಿಸಿತು, ಏಕೆಂದರೆ ಅದರಲ್ಲಿ ಬಹುಪಾಲು ಅಲೊಕೇಟೆಡ್: ಕೇಂದ್ರ ಬ್ಯಾಂಕುಗಳದ್ದು, ಇಟಿಎಫ್‌ಗಳದ್ದು. ಮಾಲೀಕರು ಒಪ್ಪದೆ ಅದನ್ನು ಯಾರೂ ಕದಲಿಸುವಂತಿಲ್ಲ. ಅನ್‌ಅಲೊಕೇಟೆಡ್ ಬಾಕಿಗಳನ್ನು ತೀರಿಸಲು ಸಿಗುವ ಸಡಿಲ ಚಿನ್ನ ಅಷ್ಟು ದೊಡ್ಡದಲ್ಲ. ಬ್ಯಾಂಕ್ ಆಫ್ ಇಂಗ್ಲೆಂಡಿನ ತಿಜೋರಿಯಿಂದ ಗಟ್ಟಿ ಹೊರತರಲು ಕೆಲವೇ ದಿನ ಸಾಕಾಗುತ್ತಿದ್ದದ್ದು ವಾರಗಟ್ಟಲೆ ಕಾಯುವಂತಾಯಿತು. ಗಟ್ಟಿ ತೂಕದ ವಸ್ತು, ಕಾವಲಿನಲ್ಲಿ ಹೊರಬರಬೇಕು, ಬಾಗಿಲಿನ ಮುಂದೆ ಸರದಿ ಇರುತ್ತದೆ. ಆ ತಿಜೋರಿಯೊಳಗಿನ ಚಿನ್ನಕ್ಕೆ ಹೊರಗಿನ ದರಕ್ಕಿಂತ ಔನ್ಸ್‌ಗೆ ಕೆಲವು ಡಾಲರ್ ಕಡಿಮೆ ಕೇಳುವ ವಿಚಿತ್ರವೂ ನಡೆಯಿತು. ಗಟ್ಟಿಯೇ ಆದರೂ ಬೇಗ ಸಿಗದ ಗಟ್ಟಿ ಅದು. ಅಲ್ಪಾವಧಿಗೆ ಚಿನ್ನ ಸಾಲ ಪಡೆಯುವ ಬಡ್ಡಿ, ಪೇಟೆಯ ಮಾತಿನಲ್ಲಿ ಲೀಸ್ ದರ, ಮಾಮೂಲಿಯಾಗಿ ಶೇಕಡಾ ಒಂದಕ್ಕೂ ಕೆಳಗಿರುವಂಥದ್ದು ಹಲವು ಪಟ್ಟು ಜಿಗಿಯಿತು.

ದಿನಪತ್ರಿಕೆಯ ಚಿನ್ನದ ದರದಲ್ಲಿ ಇದೊಂದೂ ನೇರವಾಗಿ ಕಾಣಲಿಲ್ಲ. ಆ ವಾರಗಳಲ್ಲಿ ಬೆಲೆ ಏರುತ್ತಲೇ ಇತ್ತು, ಆದರೆ ಅದಕ್ಕೆ ಬೇರೆ ಕಾರಣಗಳೂ ಇದ್ದವು. ಒತ್ತಡ ಕಂಡದ್ದು ಎರಡು ಪೇಟೆಗಳ ಅಂತರದಲ್ಲಿ, ಲೀಸ್ ದರದಲ್ಲಿ, ತಿಜೋರಿಯ ಸರದಿಯಲ್ಲಿ. 2020ರ ಮಾರ್ಚ್‌ನಲ್ಲೂ ಹೀಗೇ ಆಗಿತ್ತು: ಕೊರೊನಾದಿಂದ ವಿಮಾನಗಳು ನಿಂತು, ಸ್ವಿಸ್ ಸಂಸ್ಕರಣಾಗಾರಗಳು ಬಾಗಿಲು ಹಾಕಿದಾಗ ಲಂಡನ್–ನ್ಯೂಯಾರ್ಕ್ ಅಂತರ ಹಠಾತ್ತನೆ ಹಿಗ್ಗಿತ್ತು. ಎರಡು ಸಲವೂ ಪೇಟೆ ಮುರಿಯಲಿಲ್ಲ. 2025ರ ಏಪ್ರಿಲ್‌ನ ಸುಂಕದ ಪಟ್ಟಿಯಿಂದ ಚಿನ್ನದ ಗಟ್ಟಿಯನ್ನು ಹೊರಗಿಟ್ಟ ಮೇಲೆ ಅಂತರ ತಗ್ಗಿತು.

ಭಾರತದ ಆಭರಣ ತಯಾರಕರಿಗೆ ಇದು ದೂರದ ಸುದ್ದಿಯಲ್ಲ. ಆಮದು ಚಿನ್ನದ ದರ ಲಂಡನ್ನಿನ ದರ, ಡಾಲರಿನ ವಿನಿಮಯ, ಸುಂಕ ಸೇರಿ ಆಗುತ್ತದೆ; ಅದರ ಮೇಲೆ ಸ್ಥಳೀಯ ಪೇಟೆಯ ಪ್ರೀಮಿಯಂ ಅಥವಾ ಡಿಸ್ಕೌಂಟ್ ಕೂಡುತ್ತದೆ. ಗಟ್ಟಿ ನಿಜವಾಗಿ ಎಷ್ಟು ಬೇಕಾಗಿದೆ ಎಂದು ಹೇಳುವುದು ಈ ಕೊನೆಯ ಅಂಕಿಯೇ. ಅನೇಕ ತಯಾರಕರು ಬ್ಯಾಂಕುಗಳಿಂದ ಚಿನ್ನವನ್ನೇ ಸಾಲವಾಗಿ ತರುತ್ತಾರೆ, ಒಡವೆ ಮಾರಾಟವಾದಾಗ ತೀರಿಸುತ್ತಾರೆ. ಆ ಗೋಲ್ಡ್ ಮೆಟಲ್ ಲೋನಿನ ಬಡ್ಡಿಯಲ್ಲಿ ಲಂಡನ್ನಿನ ಲೀಸ್ ದರ ಅಡಗಿದೆ. ಅಲ್ಲಿ ಸಡಿಲ ಚಿನ್ನ ಬತ್ತಿದರೆ, ಅಂಗಡಿಯ ಫಲಕದ ಮೇಲಿನ ಗ್ರಾಂ ದರ ಕದಲದಿದ್ದರೂ ಇಲ್ಲಿನ ತಯಾರಕರ ಬಡ್ಡಿ ಏರುತ್ತದೆ.