ಗೆಳೆಯನ ಬಾಟಲಿಯ ಒಂದು ಗುಟುಕು

ಬೆಳಗಿನ ಪ್ರಾರ್ಥನೆ ಮುಗಿದಿತ್ತು. ಬೆಂಗಳೂರಿನ ಆ ಶಾಲೆಯ ಅಂಗಳದಲ್ಲಿ ಸಾಲುಗಟ್ಟಿ ನಿಂತಿದ್ದ ಮಕ್ಕಳ ಮುಂದೆ ಅಂದು ಮಾತನಾಡಲು ಬಂದವರು ಮಕ್ಕಳ ವೈದ್ಯೆಯೊಬ್ಬರು. ಅವರ ಕೈಯಲ್ಲಿ ಭಾಷಣದ ಕಾಗದವಿರಲಿಲ್ಲ. ತಿಳಿನೀರು ತುಂಬಿದ ಒಂದು ಗಾಜಿನ ಬಾಟಲಿಯೂ ಒಂದು ಪೊಟ್ಟಣ ಬಿಸ್ಕತ್ತೂ ಇದ್ದವು. ಬಿಸ್ಕತ್ತನ್ನು ಕಂಡೊಡನೆಯೇ ಸಭೆ ನಿಶ್ಶಬ್ದವಾಯಿತು.

ವೈದ್ಯೆ ಐದನೆಯ ತರಗತಿಯ ಹುಡುಗನೊಬ್ಬನನ್ನು ಕರೆದು, ಬಿಸ್ಕತ್ತನ್ನು ಅಗಿದು ನುಂಗಲು ಹೇಳಿದರು. ಬಳಿಕ ಬಾಟಲಿಯನ್ನು ಬಾಯಿಗೆ ಕಚ್ಚಿಕೊಂಡು ನಾಲ್ಕು ಗುಟುಕು ನೀರು ಕುಡಿಯುವಂತೆ ತಿಳಿಸಿದರು. ಅವನು ಕುಡಿದಾದ ಮೇಲೆ ಬಾಟಲಿಯನ್ನು ಸೂರ್ಯನ ಬೆಳಕಿಗೆ ಎತ್ತಿ ಹಿಡಿದರು. ಕ್ಷಣದ ಹಿಂದೆ ತಿಳಿಯಾಗಿದ್ದ ನೀರಿನಲ್ಲಿ ಬಿಸ್ಕತ್ತಿನ ನುಣ್ಣನೆಯ ಚೂರುಗಳು ಮೆಲ್ಲನೆ ತೇಲುತ್ತಿದ್ದವು. ಮುಂದಿನ ಸಾಲಿನಿಂದ "ಅಯ್ಯೋ!" ಎಂಬ ಉದ್ಗಾರ ಹೊರಟಿತು.

"ಈಗ ಈ ನೀರನ್ನು ಕುಡಿಯುವವರು ಯಾರಾದರೂ ಇದ್ದೀರಾ, ಮಕ್ಕಳೆ?" ಎಂದು ಅವರು ಕೇಳಿದರು. ಒಂದು ಕೈಯೂ ಮೇಲೇಳಲಿಲ್ಲ. "ನಿನ್ನೆ ಆಟದ ಬಿಡುವಿನಲ್ಲಿ ನಿಮ್ಮಲ್ಲಿ ಬಹಳ ಮಂದಿ ಇಂಥದೇ ನೀರನ್ನು ಕುಡಿದಿರಿ. ಬಿಸ್ಕತ್ತು ಇರಲಿಲ್ಲವಾದುದರಿಂದ ಅದು ನಿಮ್ಮ ಕಣ್ಣಿಗೆ ಬೀಳಲಿಲ್ಲ, ಅಷ್ಟೆ."

ನೀರು ಹಿಂದಕ್ಕೆ ಹೋಗುವ ಬಗೆ

ಬಾಟಲಿಯ ಬಾಯನ್ನು ತುಟಿಗಳು ಮುಚ್ಚಿಕೊಂಡು ನೀರನ್ನು ಹೀರುವಾಗ ಬಾಟಲಿಯೊಳಗಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ತುಟಿ ಸಡಿಲವಾದೊಡನೆ ಹೊರಗಿನ ಗಾಳಿ ಒಳಕ್ಕೆ ನುಗ್ಗುತ್ತದೆ. ಅದರ ಜೊತೆಗೆ ಬಾಯಿಯಲ್ಲಿ ಉಳಿದಿದ್ದ ನೀರೂ ಉಗುಳೂ ಸ್ವಲ್ಪ ಹಿಂದಕ್ಕೆ ಜಾರುತ್ತವೆ. ಕುಡಿದವನಿಗೆ ಇದರ ಅರಿವೇ ಇರುವುದಿಲ್ಲ. ಕೊಳವೆಯಿಂದ ಹೀರುವ ಬಾಟಲಿಯಲ್ಲಿಯೂ ಹೀಗೆಯೇ. ಹೀರುವುದನ್ನು ನಿಲ್ಲಿಸಿದಾಗ ಕೊಳವೆಯಲ್ಲಿದ್ದ ನೀರು ಕೆಳಕ್ಕಿಳಿಯುತ್ತದೆ.

"ಬಾಟಲಿಯ ಬಾಯನ್ನು ಅಂಗಿಯಿಂದ ಒರೆಸಿ ಕುಡಿದರೆ?" ಎಂದು ಹಿಂದಿನ ಸಾಲಿನಿಂದ ಒಬ್ಬ ಬಾಲಕ ಕೇಳಿದ. ಪ್ರಶ್ನೆ ಒಳ್ಳೆಯದೆಂದು ವೈದ್ಯೆ ಒಪ್ಪಿದರು. ಒರೆಸಿದರೆ ಹೋಗುವುದು ಅಂಚಿನ ಹೊರಗಿನ ತೇವ ಮಾತ್ರ. ಅಂಚಿನ ಒಳಭಾಗಕ್ಕೆ ಅಂಗಿ ಮುಟ್ಟುವುದಿಲ್ಲ; ಒಳಗಿನ ನೀರಿಗಂತೂ ತಲುಪುವುದೇ ಇಲ್ಲ. ಮೇಲಾಗಿ, ಆಟವಾಡಿ ಬಂದವನ ಅಂಗಿ ಬಾಟಲಿಗಿಂತ ಶುಭ್ರವೆಂದು ಯಾರು ಹೇಳಬಲ್ಲರು?

ಮಣಿಸರದಂತಹ ಶತ್ರು

ಗಂಟಲು ನೋವು ತರುವ ಸೂಕ್ಷ್ಮಜೀವಿಗಳು ಹಲವು ಬಗೆಯವು. ಅವುಗಳಲ್ಲಿ ಹೆಚ್ಚಿನವು ವೈರಸ್ಸುಗಳು. ನೆಗಡಿ ಕೆಮ್ಮುಗಳೊಡನೆ ಬಂದು ಕೆಲವು ದಿನಗಳಲ್ಲಿ ತಾವಾಗಿಯೇ ಹೋಗುತ್ತವೆ. ಆದರೆ ಗಂಟಲು ನೋವೆಂದು ಬರುವ ಹತ್ತು ಮಕ್ಕಳಲ್ಲಿ ಸುಮಾರು ಇಬ್ಬರು ಮೂವರಿಗೆ ಕಾರಣವಾಗುವುದು ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅದು ದಾರದಲ್ಲಿ ಪೋಣಿಸಿದ ಮಣಿಸರದಂತೆ ಕಾಣುತ್ತದೆ. 5ರಿಂದ 15 ವರ್ಷದ ಮಕ್ಕಳೆಂದರೆ ಅದಕ್ಕೆ ವಿಶೇಷ ಒಲವು. ಎಂದರೆ, ಶಾಲೆಯೇ ಅದರ ಸಂತೆ.

ಅದು ಮುಖ್ಯವಾಗಿ ಹರಡುವುದು ಬಾಟಲಿಯಿಂದಲ್ಲ ಎಂಬುದನ್ನು ವೈದ್ಯೆ ಮುಚ್ಚಿಡಲಿಲ್ಲ. ರೋಗಿಯಾದ ಮಗು ಕೆಮ್ಮಿದಾಗ, ಸೀನಿದಾಗ, ಹತ್ತಿರ ನಿಂತು ಜೋರಾಗಿ ಮಾತನಾಡಿದಾಗ ಸಿಡಿಯುವ ತುಂತುರುಹನಿಗಳೇ ಅದರ ಹೆದ್ದಾರಿ. ಉಗುಳು ಸೋಂಕಿದ ಬಾಟಲಿ, ಲೋಟ, ಚಮಚ, ಕೈಬೆರಳು ಇವು ಅದರ ಒಳದಾರಿಗಳು. ಸೀನನ್ನು ತಡೆಯುವುದು ಸುಲಭವಲ್ಲ. ಬಾಟಲಿಯನ್ನು ಹಂಚಿಕೊಳ್ಳದಿರುವುದು ಸುಲಭ. ಸುಲಭವಾಗಿ ಮುಚ್ಚಬಹುದಾದ ಬಾಗಿಲನ್ನು ತೆರೆದಿಡುವುದೇಕೆ?

ಇನ್ನೊಂದು ಮಾತನ್ನೂ ಅವರು ಹೇಳಿದರು. ಸೋಮವಾರ ಈ ಸೂಕ್ಷ್ಮಜೀವಿ ಗಂಟಲನ್ನು ಸೇರಿದರೆ ಅಂದೇ ನೋವು ಬರುವುದಿಲ್ಲ. ಅದು ಅಲ್ಲಿ ಅಂಟಿಕೊಂಡು ಬೆಳೆಯಲು 2ರಿಂದ 5 ದಿನ ಬೇಕು. ಜ್ವರ ಬರುವುದು ಬುಧವಾರವೋ ಶುಕ್ರವಾರವೋ. ಅಷ್ಟರಲ್ಲಿ ಸೋಮವಾರದ ಗುಟುಕು ಯಾರ ನೆನಪಿನಲ್ಲಿಯೂ ಇರುವುದಿಲ್ಲ. ದೋಷವನ್ನೆಲ್ಲ ಐಸ್‌ಕ್ರೀಮಿನ ಮೇಲೆ ಹೊರಿಸಲಾಗುತ್ತದೆ. ಯಾವ ನೋವೂ ಇಲ್ಲದೆ ಈ ಸೂಕ್ಷ್ಮಜೀವಿಯನ್ನು ಗಂಟಲಲ್ಲಿಟ್ಟುಕೊಂಡು ಓಡಾಡುವ ಮಕ್ಕಳೂ ಉಂಟು. ಆದುದರಿಂದ "ಅವನಿಗೆ ಏನೂ ಆಗಿಲ್ಲವಲ್ಲ" ಎಂಬ ಮಾತಿಗೆ ಬೆಲೆಯಿಲ್ಲ.

ಅಲಮಾರಿನಲ್ಲಿ ಉಳಿದ ಮಾತ್ರೆಗಳು

ಮಕ್ಕಳು ತರಗತಿಗಳಿಗೆ ತೆರಳಿದ ಮೇಲೆ, ಅಂದು ಬಂದಿದ್ದ ಕೆಲವು ತಾಯಂದಿರು ವೈದ್ಯೆಯನ್ನು ಸುತ್ತುವರಿದರು. ಒಂದು ಗಂಟಲು ನೋವಿಗೆ ಇಷ್ಟೊಂದು ಎಚ್ಚರಿಕೆ ಬೇಕೆ ಎಂಬುದು ಅವರ ಸಂದೇಹ. ವೈದ್ಯೆ ತಾವು ನೋಡಿದ ಒಂಬತ್ತು ವರ್ಷದ ಹುಡುಗಿಯೊಬ್ಬಳ ಕಥೆಯನ್ನು ಹೇಳಿದರು.

ಆ ಹುಡುಗಿಗೆ ಒಂದು ಸಂಜೆ ಇದ್ದಕ್ಕಿದ್ದಂತೆ ಗಂಟಲು ನೋವೂ ಜ್ವರವೂ ಬಂದವು. ಅನ್ನ ನುಂಗುವುದೂ ಕಷ್ಟವಾಯಿತು. ಕೆಮ್ಮಾಗಲಿ ನೆಗಡಿಯಾಗಲಿ ಇರಲಿಲ್ಲ. ವೈದ್ಯರು ಹತ್ತು ದಿನಗಳ ಮಾತ್ರೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಜ್ವರ ಇಳಿದು ಹುಡುಗಿ ಆಟಕ್ಕೆ ಓಡಿದಳು. ವಾಸಿಯಾದ ಮಗುವಿಗೆ ಮದ್ದೇಕೆಂದು ಉಳಿದ ಮಾತ್ರೆಗಳನ್ನು ಅಲಮಾರಿನಲ್ಲಿ ಎತ್ತಿಟ್ಟರು.

ಮೂರನೆಯ ವಾರದಲ್ಲಿ ಅವಳ ಬಲ ಮಂಡಿ ಊದಿಕೊಂಡಿತು. ಬಿದ್ದಿರಬೇಕೆಂದು ಮನೆಯವರು ಎಣ್ಣೆ ನೀವಿದರು. ಎರಡು ದಿನಗಳಲ್ಲಿ ಮಂಡಿ ಸರಿಹೋಯಿತು. ಆದರೆ ನೋವು ಎಡಗಾಲಿನ ಹರಡಿಗೆ ಬಂದು ಕುಳಿತಿತು. ಮೆಟ್ಟಿಲು ಹತ್ತುವಾಗ ಏದುಸಿರು ಬರತೊಡಗಿತು. ಆಗ ಅವಳನ್ನು ವೈದ್ಯೆಯ ಬಳಿಗೆ ಕರೆತಂದರು. ಎದೆಗೆ ಕೊಳವೆಯಿಟ್ಟು ಕೇಳಿದಾಗ ಹೃದಯದ ಬಡಿತದ ನಡುವೆ ಮೊದಲಿಲ್ಲದ ಒಂದು ಸದ್ದು ಕೇಳಿಸಿತು. ಪರೀಕ್ಷೆಯಿಂದ ಹೃದಯದ ಎಡಭಾಗದ ಕವಾಟ ಸೋರುತ್ತಿರುವುದು ಖಚಿತವಾಯಿತು.

ಇದೇ ರುಮ್ಯಾಟಿಕ್ ಜ್ವರ. ಗಂಟಲಿನ ಸೂಕ್ಷ್ಮಜೀವಿ ಹೃದಯಕ್ಕೆ ಇಳಿದು ಹೋಗುವುದಿಲ್ಲ. ಆ ಜೀವಿಯ ಮೈಯ ಕೆಲವು ಅಂಶಗಳು ನಮ್ಮ ಹೃದಯದ ಮತ್ತು ಕೀಲುಗಳ ಅಂಶಗಳನ್ನು ಹೋಲುತ್ತವೆ. ಶತ್ರುವನ್ನು ಹೊಡೆಯಲು ಹೊರಟ ದೇಹದ ಕಾವಲುಪಡೆ ಈ ಹೋಲಿಕೆಯಿಂದ ಮೋಸಹೋಗಿ ತನ್ನ ಮನೆಯನ್ನೇ ಹೊಡೆಯುತ್ತದೆ. ಕೀಲಿನ ಊತ ಕುರುಹು ಉಳಿಸದೆ ಹೋಗುತ್ತದೆ. ಕವಾಟಕ್ಕೆ ಬಿದ್ದ ಪೆಟ್ಟು ಅನೇಕರಲ್ಲಿ ಉಳಿಯುತ್ತದೆ. ಗಂಟಲು ನೋವು ಬಂದ ಎಲ್ಲರಿಗೂ ಹೀಗಾಗುವುದಿಲ್ಲ. ಆಗುವುದು ಕೆಲವೇ ಮಂದಿಗೆ. ಆದರೆ ಆ ಕೆಲವರು ಯಾರೆಂದು ಮೊದಲೇ ತಿಳಿಯುವ ಉಪಾಯವಿಲ್ಲ.

ಆ ಹುಡುಗಿ ಈಗ ಮೂರು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಹಾಕಿಸಿಕೊಳ್ಳುತ್ತಾಳೆ. ಅದು ಕವಾಟವನ್ನು ಸರಿಪಡಿಸುವುದಕ್ಕಲ್ಲ. ಮತ್ತೊಮ್ಮೆ ಗಂಟಲು ಕೆಟ್ಟು, ಮತ್ತೊಮ್ಮೆ ಹೃದಯಕ್ಕೆ ಪೆಟ್ಟು ಬೀಳದಂತೆ ಕಾಯುವುದಕ್ಕೆ. ಅದನ್ನು ಅವಳು ವರ್ಷಗಟ್ಟಲೆ ತಪ್ಪದೆ ನಡೆಸಿಕೊಂಡು ಹೋಗಬೇಕು.

ತಾಯಂದಿರು ಗುರುತಿಸುವುದು ಹೇಗೆ?

ಮೂಗು ಸೋರುವುದು, ಕೆಮ್ಮು, ಒಡೆದ ದನಿ, ಕೆಂಗಣ್ಣು ಇವು ಜೊತೆಗಿದ್ದರೆ ಅದು ಬಹುಮಟ್ಟಿಗೆ ವೈರಸ್ಸಿನ ಕೆಲಸ. ಅದಕ್ಕೆ ಪೆನಿಸಿಲಿನ್ ಉಪಯೋಗಕ್ಕೆ ಬಾರದು. ವಿಶ್ರಾಂತಿ, ಬೆಚ್ಚಗಿನ ಪಾನೀಯ, ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು ಸಾಕು. ಇದಕ್ಕೆ ಬದಲಾಗಿ, ಕೆಮ್ಮಿಲ್ಲದೆ ಹಠಾತ್ತನೆ ಜ್ವರ ಬಂದು, ನುಂಗುವಾಗ ತೀವ್ರ ನೋವಾಗಿ, ದವಡೆಯ ಕೆಳಗಿನ ಗಂಟುಗಳು ಊದಿ ಮುಟ್ಟಿದರೆ ನೋಯುತ್ತಿದ್ದರೆ, ಗಂಟಲೊಳಗಿನ ಟಾನ್ಸಿಲ್‌ಗಳ ಮೇಲೆ ಬಿಳಿಯ ಚುಕ್ಕೆಗಳು ಕಂಡರೆ ವೈದ್ಯರಲ್ಲಿಗೆ ಹೋಗಲೇಬೇಕು. ಈ ಲಕ್ಷಣಗಳೂ ಸಂದೇಹಕ್ಕೆ ಮಾತ್ರ ಆಧಾರ. ಹತ್ತಿಯ ಕಡ್ಡಿಯಿಂದ ಗಂಟಲನ್ನು ಸವರಿ ಪರೀಕ್ಷಿಸಿದರೆ ನಿಜಾಂಶ ತಿಳಿಯುತ್ತದೆ.

ನೋವು ಆರಂಭವಾದ 9 ದಿನಗಳೊಳಗಾಗಿ ಔಷಧ ತೊಡಗಿದರೂ ರುಮ್ಯಾಟಿಕ್ ಜ್ವರವನ್ನು ತಡೆಯಬಹುದೆಂಬುದು ಸಮಾಧಾನದ ಸಂಗತಿ. ಆದರೆ ಹತ್ತು ದಿನಗಳ ಮಾತ್ರೆ ಎಂದರೆ ಹತ್ತು ದಿನಗಳೇ. ಜ್ವರ ಬಿಟ್ಟು, ಔಷಧ ತೊಡಗಿ ಒಂದು ದಿನ ತುಂಬುವವರೆಗೆ ಮಗುವನ್ನು ಶಾಲೆಗೆ ಕಳುಹಬಾರದು. ಅಕ್ಕನಿಗೆ ಕೊಟ್ಟ ಮಾತ್ರೆಯಲ್ಲಿ ಉಳಿದುದನ್ನು ತಮ್ಮನಿಗೆ ಕೊಡುವುದಂತೂ ಸಲ್ಲದು.

ಎತ್ತಿ ಕುಡಿಯುವ ಜಾಣ್ಮೆ

ಒಂದೇ ಪಾತ್ರೆಯಿಂದ ಹಲವರು ಕುಡಿಯುವ ವಾಡಿಕೆಯನ್ನು ಬಿಡಿಸಲು ಬೇರೆಡೆಗಳಲ್ಲಿ ಕಾನೂನೇ ಬೇಕಾಯಿತು. ಅಮೆರಿಕದ ರೈಲುಗಳಲ್ಲಿಯೂ ಶಾಲೆಗಳಲ್ಲಿಯೂ ಹಿಂದೆ ನೀರಿನ ಪಕ್ಕದಲ್ಲಿ ಎಲ್ಲರಿಗೂ ಒಂದೇ ಬಟ್ಟಲನ್ನು ಇಡುತ್ತಿದ್ದರು. ಕ್ಷಯರೋಗಿಗಳು ಕುಡಿದ ಬಟ್ಟಲಿನಿಂದಲೇ ಮಕ್ಕಳೂ ಕುಡಿಯುತ್ತಿದ್ದರು. ಕಾನ್ಸಾಸ್ ರಾಜ್ಯದ ಆರೋಗ್ಯಾಧಿಕಾರಿ ಸ್ಯಾಮುಯೆಲ್ ಕ್ರಂಬೈನ್ ಅವರ ಪ್ರಯತ್ನದಿಂದ 1909ರಲ್ಲಿ ಅಲ್ಲಿ ಆ ಬಟ್ಟಲನ್ನು ನಿಷೇಧಿಸಲಾಯಿತು. ಬಳಿಕ ಇತರ ರಾಜ್ಯಗಳೂ ಅದೇ ಹಾದಿ ಹಿಡಿದವು. ಕಾಗದದ ಲೋಟ ಬಳಕೆಗೆ ಬಂತು.

ನಮ್ಮ ಅಜ್ಜಿಯರಿಗೆ ಇದಕ್ಕೆ ಕಾನೂನು ಬೇಕಿರಲಿಲ್ಲ. "ಎಂಜಲು ಮಾಡಬೇಡ, ಎತ್ತಿ ಕುಡಿ" ಎಂದು ಚೊಂಬನ್ನು ಕೈಗೆ ಕೊಡುವಾಗಲೇ ಹೇಳುತ್ತಿದ್ದರು. ಆದರೆ ಈ ಎಂಜಲು ಜಾತಿಯದಲ್ಲ, ಬಾಯಿಯದು. ತನ್ನ ಬಾಯಿಯೂ ಇನ್ನೊಬ್ಬನ ಬಾಯಿಯೂ ಇದರಲ್ಲಿ ಒಂದೇ ಎಂಬುದನ್ನು ಮಕ್ಕಳಿಗೆ ತಿಳಿಸಿಕೊಡಬೇಕೆಂದು ವೈದ್ಯೆ ತಾಯಂದಿರಲ್ಲಿ ಕೋರಿದರು. ಅಗಲ ಬಾಯಿಯ ಬಾಟಲಿಯಾದರೆ ಎತ್ತಿ ಕುಡಿಯಲೂ ಒಳಗೆ ಉಜ್ಜಿ ತೊಳೆಯಲೂ ಅನುಕೂಲ. ಕೊಳವೆಯ ಬಾಟಲಿಯಿದ್ದರೆ ಕೊಳವೆಯನ್ನೂ ಮುಚ್ಚಳದ ರಬ್ಬರ್ ಬಳೆಯನ್ನೂ ದಿನವೂ ಬಿಚ್ಚಿ ಸೋಪಿನಿಂದ ತೊಳೆದು ಒಣಗಿಸಬೇಕು.

ಅಂದು ಸಭೆಯಲ್ಲಿ ಕೊನೆಯ ಪ್ರಶ್ನೆ ಕೇಳಿದವಳು ಮೂರನೆಯ ತರಗತಿಯ ಪುಟ್ಟ ಹುಡುಗಿ. "ಗೆಳತಿ ಬಾಟಲಿ ಮರೆತು ಬಂದರೆ, ಅವಳಿಗೆ ಬಾಯಾರಿದರೆ, ನೀರು ಕೊಡಬಾರದೆ, ಡಾಕ್ಟರಮ್ಮ?"

"ಕೊಡಲೇಬೇಕು, ಕಂದ," ಎಂದರು ವೈದ್ಯೆ. "ನೀರನ್ನು ಹಂಚಿಕೊಳ್ಳಿ, ಬಾಟಲಿಯ ಬಾಯನ್ನು ಹಂಚಿಕೊಳ್ಳಬೇಡಿ." ಅವಳನ್ನು ಹತ್ತಿರಕ್ಕೆ ಕರೆದು, ಕೈತೊಳೆದು ಬೊಗಸೆ ಒಡ್ಡುವಂತೆ ಹೇಳಿ, ಇನ್ನೊಂದು ಬಾಟಲಿಯಿಂದ ಮೇಲಿನಿಂದ ಧಾರೆಯಾಗಿ ನೀರೆರೆದು ತೋರಿಸಿದರು.

ಮಧ್ಯಾಹ್ನದ ಬಿಡುವಿನಲ್ಲಿ ಅಂಗಳದ ಬೇವಿನ ಮರದಡಿ ಮಕ್ಕಳ ಗುಂಪು ಎತ್ತಿ ಕುಡಿಯುವ ಅಭ್ಯಾಸದಲ್ಲಿ ತೊಡಗಿತ್ತು. ಅರ್ಧ ನೀರು ಬಾಯಿಗೆ, ಅರ್ಧ ಅಂಗಿಯ ಮೇಲೆ. ಒದ್ದೆಯಾದ ಅಂಗಿಗಳನ್ನು ಕಂಡು ಮುಖ್ಯೋಪಾಧ್ಯಾಯಿನಿಯವರು ಅಂದು ಯಾರನ್ನೂ ಗದರಿಸಲಿಲ್ಲ.